ಕ್ಯಾಮೆರಾದ ತಪ್ಪು ತಿದ್ದಬಹುದು, ಸೀರೆಯ ಕೊರತೆ ಮುಚ್ಚಬಾರದು

ಮಾರಾಟದ ಫೋಟೊವನ್ನು ತಿದ್ದಿದ ಮಾತ್ರಕ್ಕೆ ಅದು ಮೋಸವಾಗುವುದಿಲ್ಲ. ಮೊಬೈಲ್‌ನಲ್ಲಿ ಬಟನ್ ಒತ್ತಿದ ಕ್ಷಣದಲ್ಲೇ ಫೋನ್ ಹಲವು ಚಿತ್ರಗಳನ್ನು ಒಂದುಗೂಡಿಸಿ, ನೆರಳನ್ನು ತಿಳಿಗೊಳಿಸಿ, ಬಣ್ಣಕ್ಕೆ ಒಂದಿಷ್ಟು ಮೆರುಗು ಕೊಟ್ಟ ಮೇಲೆಯೇ ಗ್ಯಾಲರಿಯಲ್ಲಿ ಇಡುತ್ತದೆ. ‘ತಿದ್ದದೇ ಇರುವ ಫೋಟೊ’ ಎಂಬುದನ್ನೇ ಪ್ರಾಮಾಣಿಕತೆಯ ಅಳತೆಗೋಲು ಮಾಡಿಕೊಂಡರೆ ಯಾವ ಅಂಗಡಿಯವರೂ ಪಾಸಾಗುವುದಿಲ್ಲ. ಕೆಲಸಕ್ಕೆ ಬರುವ ಗೆರೆ ಇನ್ನೊಂದು ಕಡೆ ಇದೆ. ಕ್ಯಾಮೆರಾ ಮಾಡಿದ ತಪ್ಪನ್ನು ತಿದ್ದಿದಾಗ ಚಿತ್ರ ಸರಕಿಗೆ ಹತ್ತಿರವಾಗುತ್ತದೆ. ಸರಕಿನಲ್ಲೇ ಇರುವ ಕೊರತೆಯನ್ನು ತಿದ್ದಿದಾಗ ಚಿತ್ರ ಸರಕಿನಿಂದ ದೂರವಾಗುತ್ತದೆ. ಎರಡಕ್ಕೂ ಬಳಕೆಯಾಗುವುದು ಅದೇ ಆಪ್, ಎಳೆಯುವುದು ಅದೇ ಸ್ಲೈಡರ್. ಗೊಂದಲ ಹುಟ್ಟುವುದು ಇಲ್ಲಿಂದಲೇ.

ಇದನ್ನು ಅರಿಯಲು ಇಳಕಲ್ ಸೀರೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬಾಗಲಕೋಟೆ ಜಿಲ್ಲೆಯ ಈ ಕೈಮಗ್ಗದ ಸೀರೆ ಈಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಇನ್‌ಸ್ಟಾಗ್ರಾಂ ಪುಟಗಳಲ್ಲಿ ದಿನವೂ ಮಾರಾಟವಾಗುತ್ತದೆ. ಕೊಳ್ಳುವವರು ಅದನ್ನು ಮುಟ್ಟಿ ನೋಡುವಂತಿಲ್ಲ, ಬಾಗಿಲ ಬಳಿ ಬೆಳಕಿಗೆ ಹಿಡಿದು ನೋಡುವಂತಿಲ್ಲ. ಆದರೆ ಆ ಸೀರೆಯ ಬೆಲೆ ನಿಂತಿರುವುದೇ ಮುಟ್ಟಿ, ತಿರುವಿ ನೋಡಿ ತಿಳಿಯುವ ಸಂಗತಿಗಳ ಮೇಲೆ: ಒಡಲು ಹತ್ತಿಯದೋ ರೇಷ್ಮೆಯದೋ, ಸೆರಗು ಅಸಲಿ ರೇಷ್ಮೆಯೋ ಆರ್ಟ್ ಸಿಲ್ಕೋ, ಒಡಲಿನ ಹಾಸಿನ ಎಳೆಗೂ ಸೆರಗಿನ ಎಳೆಗೂ ಕುಣಿಕೆ ಹಾಕಿ ಬೆಸೆದ ‘ಕೊಂಡಿ’ ಇದೆಯೋ ಇಲ್ಲವೋ, ಸೆರಗಿನ ಕೆಂಪು-ಬಿಳಿಯ ತೋಪ ತೆನಿ ನೆಯ್ದದ್ದೋ ಅಚ್ಚು ಹಾಕಿದ್ದೋ. ಇವುಗಳಲ್ಲಿ ಒಂದನ್ನು ಫೋಟೊ ತಪ್ಪಾಗಿ ತೋರಿಸಿದರೂ ಮಾರಿದ್ದು ಬೇರೆಯೇ ಸೀರೆ ಎಂದಾಗುತ್ತದೆ.

ಮೊದಲ ತೊಡಕು ಬಣ್ಣದ್ದು. ದಾಳಿಂಬೆ ಕೆಂಪಿನ ಒಂದು ಸೀರೆಯನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಹಾಸಿ ಫೋಟೊ ತೆಗೆದರೆ ಅದು ಮಂಕಾಗಿ, ತುಸು ಕಂದಾಗಿ ಕಾಣಬಹುದು. ಹಳದಿ ಬಲ್ಬಿನ ಬೆಳಕಿನಲ್ಲಿ ಅದೇ ಸೀರೆ ಇಟ್ಟಿಗೆಯ ಬಣ್ಣಕ್ಕೆ ವಾಲುತ್ತದೆ. ಮನೆಯಾಚೆ ನೆರಳಿನಲ್ಲಿ ತೆಗೆದರೆ ಆಕಾಶದ ನೀಲಿ ಸೇರಿಕೊಂಡು ರಾಣಿ ಬಣ್ಣದ ಹತ್ತಿರ ಬರುತ್ತದೆ. ಮೂರರಲ್ಲಿ ಯಾವುದೂ ಅಂಗಡಿಯವರು ಹೇಳಿದ ಸುಳ್ಳಲ್ಲ, ಬೆಳಕಿನ ಬಣ್ಣವನ್ನು ಕ್ಯಾಮೆರಾ ತಪ್ಪಾಗಿ ಊಹಿಸಿದೆ ಅಷ್ಟೆ. ಎಲ್ಲಕ್ಕಿಂತ ಕೆಟ್ಟದ್ದು ಕಿಟಕಿಯ ಬೆಳಕೂ ಟ್ಯೂಬ್‌ಲೈಟೂ ಒಟ್ಟಿಗೆ ಬೀಳುವ ಜಾಗ. ಅಲ್ಲಿ ಸೀರೆಯ ಎಡಭಾಗ ಒಂದು ಬಣ್ಣ, ಬಲಭಾಗ ಇನ್ನೊಂದು. ಯಾವ ಸ್ಲೈಡರ್ ಎಳೆದರೂ ಎರಡೂ ಕಡೆ ಒಟ್ಟಿಗೆ ಸರಿಹೋಗುವುದಿಲ್ಲ.

ಪರಿಹಾರ ಸರಳವಾಗಿದೆ, ಖರ್ಚೂ ಕಡಿಮೆ. ಒಳಗಿನ ದೀಪಗಳನ್ನೆಲ್ಲ ಆರಿಸಿ, ನೇರ ಬಿಸಿಲು ಬೀಳದ ದೊಡ್ಡ ಕಿಟಕಿಯ ಪಕ್ಕ ಸೀರೆ ಹಾಸಬೇಕು. ಮೊದಲ ಫೋಟೊದಲ್ಲಿ ಸೀರೆಯ ಮೇಲೆ ಒಂದು ಗ್ರೇ ಕಾರ್ಡ್ ಇಡಬೇಕು. ಫೋಟೊ ಸಾಮಾನಿನ ಅಂಗಡಿಗಳಲ್ಲಿ ಸಿಗುವ, ಯಾವ ಬಣ್ಣದ ಕಡೆಗೂ ವಾಲದ ಬೂದು ರಟ್ಟು ಅದು. ಬಿಳಿ ಹಾಳೆ ಇಟ್ಟರಾಗದೇ ಎಂದು ಅನೇಕರು ಕೇಳುತ್ತಾರೆ. ಪ್ರಿಂಟರ್ ಹಾಳೆಯನ್ನು ಹೆಚ್ಚು ಬೆಳ್ಳಗೆ ತೋರಿಸಲು ಅದರಲ್ಲಿ ಹೊಳಪುಕಾರಕ ರಾಸಾಯನಿಕ ಸೇರಿಸಿರುತ್ತಾರೆ, ಅದು ಹಗಲು ಬೆಳಕಿನಲ್ಲಿ ಹಾಳೆಗೆ ತುಸು ನೀಲಿ ಛಾಯೆ ಕೊಡುತ್ತದೆ. ಆಧಾರವೇ ನೀಲಿಗೆ ವಾಲಿದ್ದರೆ ತಿದ್ದುಪಡಿ ಹಳದಿಗೆ ವಾಲುತ್ತದೆ. ಎಡಿಟಿಂಗ್ ಆಪ್‌ನ ವೈಟ್ ಬ್ಯಾಲೆನ್ಸ್ ವಿಭಾಗದಲ್ಲಿ ಬಣ್ಣ ಆರಿಸುವ ಗುರುತನ್ನು ಆ ಬೂದು ರಟ್ಟಿನ ಮೇಲೆ ಒತ್ತಿದರೆ ಉಳಿದ ಬಣ್ಣಗಳೆಲ್ಲ ತಮ್ಮ ಜಾಗಕ್ಕೆ ಬರುತ್ತವೆ. ಅದೇ ಬೆಳಕಿನಲ್ಲಿ ತೆಗೆದ ಉಳಿದ ಫೋಟೊಗಳಿಗೂ ಅದೇ ತಿದ್ದುಪಡಿ ಸಾಕು.

ಕೆಂಪಿಗೆ ಇನ್ನೊಂದು ರಗಳೆ ಇದೆ. ಗಾಢ ಕೆಂಪನ್ನು ಚೆನ್ನಾಗಿ ಬೆಳಗಿಸಿ ತೆಗೆದರೆ ಚಿತ್ರದಲ್ಲಿ ಕೆಂಪಿನ ಪ್ರಮಾಣ ಮಿತಿ ಮುಟ್ಟಿಬಿಡುತ್ತದೆ. ಮಿತಿ ಮುಟ್ಟಿದ ಮೇಲೆ ಎಳೆ ಎಳೆಗೂ ಇರುವ ವ್ಯತ್ಯಾಸ ದಾಖಲಾಗುವುದಿಲ್ಲ, ನೇಯ್ಗೆ ಮಾಯವಾಗಿ ಸೀರೆ ಬಳಿದ ಬಣ್ಣದಂತೆ ಕಾಣುತ್ತದೆ. ಹತ್ತಿಯ ಒಡಲು ಆಗ ನುಣುಪಾದ ರೇಷ್ಮೆಯಂತೆ ತೋರುವುದೂ ಉಂಟು. ಫೋಟೊ ತೆಗೆಯುವಾಗಲೇ ಪರದೆಯನ್ನು ಮುಟ್ಟಿ ಬೆಳಕನ್ನು ತುಸು ಇಳಿಸಿಕೊಂಡರೆ ನೇಯ್ಗೆ ಉಳಿಯುತ್ತದೆ, ಆಮೇಲೆ ಬೇಕಿದ್ದರೆ ಒಟ್ಟಾರೆ ಬೆಳಕು ಏರಿಸಬಹುದು. ಇಷ್ಟಾದ ಮೇಲೂ ಸ್ಯಾಚುರೇಷನ್ ಸ್ಲೈಡರ್ ಕಡೆ ಕೈ ಹೋಗುತ್ತದೆ. ಬಣ್ಣವನ್ನು ಗಾಢಗೊಳಿಸುವ ಆ ಸ್ಲೈಡರ್‌ಗೆ ಮಾರಾಟದ ಫೋಟೊದಲ್ಲಿ ಕೆಲಸವೇ ಇಲ್ಲ.

ತಿದ್ದಿದ್ದು ಸರಿಯಾಯಿತೇ ಎಂದು ಪರೀಕ್ಷಿಸಲು ಸೀರೆಯನ್ನು ಮತ್ತೆ ಕಿಟಕಿಯ ಬಳಿ ಹರವಿ, ಅದರ ಪಕ್ಕದಲ್ಲೇ ಫೋನ್ ಹಿಡಿದು ಎರಡನ್ನೂ ಒಟ್ಟಿಗೆ ನೋಡಬೇಕು. ಕಣ್ಣಿಗೆ ತಂಪೆಂದು ಪರದೆಯನ್ನು ಹಳದಿಯಾಗಿಸುವ ಸೆಟ್ಟಿಂಗ್ ಆ ಹೊತ್ತಿಗೆ ಆಫ್ ಆಗಿರಬೇಕು. ಬಳಿಕ ಬೇರೆ ಕಂಪನಿಯ ಇನ್ನೊಂದು ಫೋನಿನಲ್ಲೂ ನೋಡಬೇಕು. ಎರಡು ಫೋನುಗಳ ನಡುವೆ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ‘ಪರದೆಯಲ್ಲಿ ಬಣ್ಣ ತುಸು ಬೇರೆಯಾಗಿ ಕಾಣಬಹುದು’ ಎಂಬ ಸಾಲು ಇಂಥ ಸಣ್ಣ ವ್ಯತ್ಯಾಸಕ್ಕೆ ಮಾತ್ರ ನ್ಯಾಯ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಬಳಸಿದ ಸೀರೆಗಳಲ್ಲಂತೂ ನೋಡುವ ಕೋನ ಬದಲಾದಂತೆ ಬಣ್ಣವೇ ಬದಲಾಗುತ್ತದೆ. ಅಂಥದ್ದನ್ನು ಒಂದೇ ಸ್ಥಿರಚಿತ್ರದಲ್ಲಿ ಸತ್ಯವಾಗಿ ತೋರಿಸಲು ಸಾಧ್ಯವೇ ಇಲ್ಲ, ಸೀರೆಯನ್ನು ನಿಧಾನವಾಗಿ ಓಲಾಡಿಸಿದ ಪುಟ್ಟ ವಿಡಿಯೊ ಹಾಕುವುದೊಂದೇ ದಾರಿ.

ಬಣ್ಣದಿಂದ ಬಟ್ಟೆಯ ಮೈಗೆ ಬಂದರೆ ಪ್ರಶ್ನೆ ಸೂಕ್ಷ್ಮವಾಗುತ್ತದೆ. ಸೀರೆಯ ಮೇಲೆ ಕೂತ ಧೂಳಿನ ಎಳೆಯನ್ನು ಚಿತ್ರದಿಂದ ಅಳಿಸಬಹುದು, ಅದು ಸೀರೆಯ ಭಾಗವಲ್ಲ. ಮಡಿಕೆಯ ಗೆರೆ ಇಸ್ತ್ರಿಗೆ ಹೋಗುವಂಥದ್ದಾದರೆ ಅಳಿಸಿದರೂ ಅಡ್ಡಿಯಿಲ್ಲ, ಆದರೆ ಇಸ್ತ್ರಿ ಮಾಡಿ ಇನ್ನೊಂದು ಫೋಟೊ ತೆಗೆಯುವುದೇ ಸುಲಭ. ಕೈಮಗ್ಗದ ಹತ್ತಿಯಲ್ಲಿ ಅಲ್ಲಲ್ಲಿ ಕಾಣುವ ದಪ್ಪ ಎಳೆ, ಸಣ್ಣ ಗಂಟು, ದಡಿಯ ಅಂಚಿನ ಚಿಕ್ಕ ಏರಿಳಿತ ಮಾತ್ರ ಬೇರೆ ಜಾತಿಯವು. ಅವು ಸೀರೆಯ ಜೊತೆಗೇ ಕೊಂಡವರ ಮನೆಗೆ ಹೋಗುತ್ತವೆ. ‘ಚಿತ್ರ ಚೆನ್ನಾಗಿ ಕಾಣಲಿ’ ಎಂದು ಅವನ್ನು ಒರೆಸಿಬಿಟ್ಟರೆ ಎರಡು ನಷ್ಟ. ಕೊಂಡವರು ಬಂದ ಸೀರೆಯನ್ನು ‘ಡ್ಯಾಮೇಜ್’ ಎಂದು ವಾಪಸ್ ಕಳಿಸುತ್ತಾರೆ. ಮಗ್ಗದ ಸೀರೆ ಪವರ್‌ಲೂಮ್ ಸೀರೆಯ ಹಾಗೆ ಕಾಣತೊಡಗುತ್ತದೆ, ಹೆಚ್ಚು ಬೆಲೆ ಏಕೆಂಬುದಕ್ಕೆ ಚಿತ್ರದಲ್ಲಿ ಉತ್ತರವೇ ಉಳಿಯುವುದಿಲ್ಲ.

ಕಂಪ್ಯೂಟರ್ ತಾನೇ ಬರೆದು ಕೊಡುವ ಚಿತ್ರಗಳು ಬಂದ ಮೇಲೆ ಇಡೀ ವಿಷಯ ಇನ್ನೊಂದು ತಿರುವು ಪಡೆದಿದೆ. ಹಾಸಿದ ಸೀರೆಯ ಒಂದು ಫೋಟೊ ಕೊಟ್ಟರೆ ಸಾಕು, ಅದನ್ನು ಉಟ್ಟು ಅರಮನೆಯ ಕಂಬಕ್ಕೆ ಒರಗಿ ನಿಂತ ಯುವತಿಯ ಚಿತ್ರ ಅರೆನಿಮಿಷದಲ್ಲಿ ತಯಾರು. ಮಾಡೆಲ್ ಇಲ್ಲ, ಸ್ಟುಡಿಯೊ ಬಾಡಿಗೆ ಇಲ್ಲ. ಸಣ್ಣ ವ್ಯಾಪಾರಿಗೆ ಇದರ ಸೆಳೆತ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಇಂಥ ಉಪಕರಣಗಳು ಸಾಮಾನ್ಯವಾಗಿ ಸೀರೆಯ ಫೋಟೊವನ್ನು ಕತ್ತರಿಸಿ ಹೊಸ ಚಿತ್ರಕ್ಕೆ ಅಂಟಿಸುವುದಿಲ್ಲ. ಅದನ್ನು ಸುಳಿವಾಗಿ ಇಟ್ಟುಕೊಂಡು, ಹಿಂದೆ ಕಲಿತ ಅಸಂಖ್ಯ ಚಿತ್ರಗಳ ಬಲದಿಂದ ಸೀರೆಯನ್ನು ಮೊದಲಿನಿಂದ ಬರೆಯುತ್ತವೆ. ಸುಳಿವು ಸಾಲದ ಕಡೆ ‘ಸಾಮಾನ್ಯವಾಗಿ ಸೀರೆ ಹೀಗಿರುತ್ತದೆ’ ಎಂಬ ಊಹೆ ತುಂಬಿಕೊಳ್ಳುತ್ತದೆ. ಒಂದು ಊರಿಗೇ ವಿಶಿಷ್ಟವಾದ ನೇಯ್ಗೆಯಲ್ಲಿ ಈ ಊಹೆ ಕೈಕೊಡುವುದು ಹೆಚ್ಚು, ಏಕೆಂದರೆ ಯಂತ್ರ ನೋಡಿದ್ದರಲ್ಲಿ ಇಳಕಲ್‌ಗಿಂತ ಬೇರೆ ಸೀರೆಗಳೇ ಬಹುಪಾಲು.

ಅದೇ ದಾಳಿಂಬೆ ಕೆಂಪಿನ ಸೀರೆಯನ್ನು ಹೀಗೆ ಯಂತ್ರದ ಯುವತಿಗೆ ಉಡಿಸಿದರು ಎಂದುಕೊಳ್ಳೋಣ. ದೂರದಿಂದ ಚಿತ್ರ ಸೊಗಸಾಗಿದೆ. ಮೂಲ ಫೋಟೊವನ್ನು ಪಕ್ಕದಲ್ಲಿಟ್ಟು, ಎರಡನ್ನೂ ಬೆರಳಿನಿಂದ ಹಿಗ್ಗಿಸಿ ನೋಡಿದರೆ ಕತೆ ಬೇರೆ. ಮೊದಲು ನೋಡಬೇಕಾದದ್ದು ಸೆರಗು. ಅಸಲಿ ಸೀರೆಯಲ್ಲಿ ತೋಪ ತೆನಿಯ ಬಿಳಿ ಮೊನೆಗಳು ಒಂದೇ ಅಳತೆಯಲ್ಲಿ ಸಾಲಾಗಿ ಬರುತ್ತವೆ, ಅವನ್ನು ಎಣಿಸಬಹುದು. ಯಂತ್ರದ ಚಿತ್ರದಲ್ಲಿ ಮೊನೆಗಳು ಒಂದೆಡೆ ದಪ್ಪ, ಒಂದೆಡೆ ಸಣ್ಣ, ನೆರಿಗೆಯೊಳಗೆ ಹೋದಾಗ ಎಣಿಕೆಯೇ ತಪ್ಪುತ್ತದೆ. ಕೆಲವೊಮ್ಮೆ ಅವು ಬೇರೆ ಪ್ರದೇಶದ ಸೀರೆಗಳ ಗೋಪುರದಂಚಾಗಿ ಮಾರ್ಪಟ್ಟಿರುತ್ತವೆ. ಎರಡನೆಯದು ಒಡಲು ಮತ್ತು ಸೆರಗು ಕೂಡುವ ಜಾಗ. ಕೊಂಡಿಯ ಕಡೆ ಬಣ್ಣವೂ ಹೊಳಪೂ ಒಂದು ಗೆರೆಯಲ್ಲಿ ಬದಲಾಗಬೇಕು. ಯಂತ್ರಕ್ಕೆ ಆ ಗೆರೆಯ ಅರ್ಥ ಗೊತ್ತಿಲ್ಲ, ಅದು ಒಂದು ಬಣ್ಣವನ್ನು ಇನ್ನೊಂದರಲ್ಲಿ ಮೆಲ್ಲಗೆ ಕರಗಿಸಿಬಿಡುತ್ತದೆ. ಮೂರನೆಯದು ದಡಿಯ ಅಗಲ. ಹಾಸಿದ ಸೀರೆಯಲ್ಲಿ 4 ಇಂಚು ಇದ್ದ ದಡಿ, ಉಟ್ಟ ಚಿತ್ರದಲ್ಲಿ ಯುವತಿಯ ಪಾದದಿಂದ ಮೊಣಕಾಲಿನ ಅರ್ಧಕ್ಕೆ ಬಂದಿದ್ದರೆ ಅದು 4 ಇಂಚಿನ ದಡಿಯಲ್ಲ.

ಹೊಳಪಿನ ಮಾತು ಇನ್ನೂ ಗಂಭೀರ. ಚಿತ್ರ ಬರೆಯುವ ಯಂತ್ರಗಳಿಗೆ ಸೀರೆ ಎಂದರೆ ಮಿರುಗಬೇಕು ಎಂಬ ಒಲವು ಇದ್ದಂತಿದೆ. ಹತ್ತಿಯ ಒಡಲಿನ ಮೇಲೆ ಅವು ರೇಷ್ಮೆಯ ಮಿಂಚು ಎಳೆಯುತ್ತವೆ, ಬಿರುಸಾಗಿ ನಿಲ್ಲಬೇಕಾದ ನೆರಿಗೆಯನ್ನು ನೀರಿನಂತೆ ಇಳಿಬಿಡುತ್ತವೆ. ಸೆರಗಿನಲ್ಲಿ ಕಸೂತಿ ಇದ್ದರೆ ಕೆಲಸ ಪೂರ್ತಿ ಕೆಟ್ಟಂತೆ. ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆ. ಗಂಟು ಹಾಕುವುದಿಲ್ಲ, ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತವೆ. ಗೋಪುರ, ತೇರು, ಆನೆ, ತುಳಸಿಕಟ್ಟೆಗಳೆಲ್ಲ ನೇರ ಗೆರೆಗಳಿಂದಲೇ ಮೂಡುತ್ತವೆ. ಯಂತ್ರ ಅದರ ಮೇಲೆ ಬಳ್ಳಿಯನ್ನೂ ಬಾಗಿದ ಎಸಳನ್ನೂ ಬರೆದುಬಿಡುತ್ತದೆ. ಆ ಚಿತ್ರ ನೋಡಿ ಹಣ ಕಟ್ಟಿದವರಿಗೆ ಆ ಸೀರೆಯನ್ನು ಯಾರೂ ಕೊಡಲಾರರು, ಅಂಥ ಸೀರೆ ಎಲ್ಲೂ ಇಲ್ಲ.

ಹಾಗಾದರೆ ಕಂಪ್ಯೂಟರ್ ಚಿತ್ರವನ್ನು ಪೂರ್ತಿ ಕೈಬಿಡಬೇಕೇ? ಬೇಕಿಲ್ಲ. ಈ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1965ರಲ್ಲೇ ಎದುರಿಸಿತ್ತು. ಕೋಲ್ಗೇಟ್-ಪಾಮೊಲಿವ್ ಕಂಪನಿ ರ‍್ಯಾಪಿಡ್ ಶೇವ್ ಎಂಬ ತನ್ನ ಕ್ಷೌರದ ನೊರೆ ಮರಳು ಕಾಗದವನ್ನೂ ಮೆತ್ತಗೆ ಮಾಡುತ್ತದೆ ಎಂದು ಟಿವಿಯಲ್ಲಿ ತೋರಿಸುತ್ತಿತ್ತು. ನೊರೆ ಹಚ್ಚಿದ ಕೂಡಲೇ ರೇಜರ್ ಒಂದೇ ಎಳೆತಕ್ಕೆ ಮರಳನ್ನು ಹೆರೆದು ಹಾಕುತ್ತಿತ್ತು. ನಿಜದಲ್ಲಿ ಅಲ್ಲಿದ್ದದ್ದು ಮರಳು ಉದುರಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅಸಲಿ ಮರಳು ಕಾಗದವನ್ನು ಹೆರೆಯಲು ಸುಮಾರು 80 ನಿಮಿಷ ನೆನೆಸಬೇಕಾಗಿತ್ತು. ಅಸಲಿ ಕಾಗದ ಟಿವಿಯಲ್ಲಿ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಬದಲಿ ವಸ್ತು ಬಳಸಿದೆವು ಎಂಬುದು ಕಂಪನಿಯ ವಾದ. ಕೋರ್ಟ್ ಒಪ್ಪಲಿಲ್ಲ. ಆದರೆ ದೀಪಗಳ ಕಾವಿಗೆ ಐಸ್‌ಕ್ರೀಂ ಕರಗುತ್ತದೆಂದು ಅದರ ಜಾಗದಲ್ಲಿ ಕಲಸಿದ ಆಲೂಗಡ್ಡೆ ಇಟ್ಟು ಚಿತ್ರೀಕರಿಸುವುದನ್ನು ಅದೇ ತೀರ್ಪು ತಪ್ಪೆನ್ನಲಿಲ್ಲ, ಆ ಬದಲಿಯನ್ನು ಐಸ್‌ಕ್ರೀಂನ ಮೈ ಅಥವಾ ಬಣ್ಣಕ್ಕೆ ಸಾಕ್ಷಿಯಾಗಿ ತೋರಿಸದಿದ್ದರೆ ಸಾಕು. ಅಂದರೆ ನೋಡುವವರು ಕೊಳ್ಳುವ ತೀರ್ಮಾನಕ್ಕೆ ಯಾವುದನ್ನು ಸಾಕ್ಷಿಯೆಂದು ನಂಬುತ್ತಾರೋ ಅದು ಅಸಲಿಯಾಗಿರಬೇಕು.

ಅದೇ ದಶಕದ ಕೊನೆಯಲ್ಲಿ ಬಂದ ಇನ್ನೊಂದು ಪ್ರಕರಣ ಮತ್ತೂ ಸ್ವಾರಸ್ಯದ್ದು. ಕ್ಯಾಂಪ್‌ಬೆಲ್ ಸೂಪಿನ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿದ್ದರು. ತರಕಾರಿ ತುಂಡುಗಳು ಮುಳುಗದೆ ಮೇಲೆಯೇ ನಿಂತು, ಸೂಪು ತುಂಬ ಗಟ್ಟಿಯಾಗಿ ಕಾಣುತ್ತಿತ್ತು. ಸೂಪು ಅಸಲಿ, ತರಕಾರಿ ಅಸಲಿ, ಫೋಟೊದಲ್ಲಿ ಒಂದು ಗೆರೆಯೂ ತಿದ್ದಿದ್ದಲ್ಲ. ಆದರೂ ಅಮೆರಿಕದ ವ್ಯಾಪಾರ ಆಯೋಗ ಅದನ್ನು ದಾರಿತಪ್ಪಿಸುವ ಚಿತ್ರವೆಂದೇ ಪರಿಗಣಿಸಿತು. ‘ನಾವು ಎಡಿಟ್ ಮಾಡಿಲ್ಲ’ ಎಂಬ ಸಮರ್ಥನೆ ಎಷ್ಟು ಪೊಳ್ಳು ಎಂಬುದಕ್ಕೆ ಈ ಗೋಲಿಗಳೇ ಸಾಕು. ಸೀರೆಗೆ ಇದನ್ನು ಹೊಂದಿಸುವುದಾದರೆ, ಸೆರಗಿನ ಒಳ್ಳೆಯ ತುದಿಯನ್ನಷ್ಟೇ ತೋರಿಸಿ ಸಾದಾ ಒಡಲನ್ನು ಮಡಿಕೆಯೊಳಗೆ ಅಡಗಿಸುವ ಫೋಟೊವೂ ಇದೇ ಸಾಲಿಗೆ ಸೇರುತ್ತದೆ.

ಈ ತೀರ್ಪುಗಳನ್ನು ಇಂದಿನ ಕೆಲಸಕ್ಕೆ ಇಳಿಸಿದರೆ ಕ್ರಮ ಸ್ಪಷ್ಟವಾಗುತ್ತದೆ. ಸೀರೆ ಸಾಕ್ಷಿ, ಅರಮನೆಯ ಕಂಬ ಸಾಕ್ಷಿಯಲ್ಲ. ಆಪ್‌ನಲ್ಲಿ ಸೀರೆಯ ಭಾಗವನ್ನು ಗುರುತು ಹಾಕಿ ಭದ್ರಪಡಿಸಿ, ಉಳಿದ ಜಾಗವನ್ನಷ್ಟೇ ಯಂತ್ರಕ್ಕೆ ಬಿಟ್ಟುಕೊಟ್ಟರೆ ಸೀರೆಯ ಮೈ ಮುಟ್ಟದೆ ಹಿನ್ನೆಲೆ ಬದಲಾಗುತ್ತದೆ. ಹೀಗೆ ಮಾಡಿದಾಗಲೂ ಅಂಚುಗಳನ್ನು ಹಿಗ್ಗಿಸಿ ನೋಡಬೇಕು, ಗುರುತಿನ ಅಂಚಿನಲ್ಲಿ ಗೊಂಡೆಯ ಎಳೆಗಳು ಕತ್ತರಿಸಿಹೋಗುವುದು ಸಾಮಾನ್ಯ. ಕೆಲವು ಆಪ್‌ಗಳು ಕೊನೆಯಲ್ಲಿ ಇಡೀ ಚಿತ್ರವನ್ನು ‘ಹೊಂದಿಸುತ್ತೇನೆ’ ಎಂದು ಸೀರೆಯ ಮೇಲೂ ಹೊಸ ಹಿನ್ನೆಲೆಯ ಹೊನ್ನಿನ ಛಾಯೆ ಬಳಿಯುತ್ತವೆ, ಗ್ರೇ ಕಾರ್ಡ್ ಇಟ್ಟು ಪಟ್ಟ ಶ್ರಮವೆಲ್ಲ ಅಲ್ಲಿಗೆ ಹೋಯಿತು. ಉಟ್ಟಾಗ ಹೇಗೆ ಕಾಣುತ್ತದೆ ಎಂದು ತೋರಿಸಲೇಬೇಕಿದ್ದರೆ ಮನೆಯವರೊಬ್ಬರಿಗೆ ಅದೇ ಸೀರೆ ಉಡಿಸಿ ಫೋಟೊ ತೆಗೆದು, ಮುಖ ಬೇಡವಾದರೆ ಕತ್ತರಿಸುವುದೇ ವಾಸಿ. ಯಂತ್ರ ಉಡಿಸಿದ ಚಿತ್ರವನ್ನೇ ಬಳಸುವುದಾದರೆ ಅದು ಪೋಸ್ಟ್‌ನ ಮೊದಲ ಚಿತ್ರ ಆಗಬಾರದು. ಮೊದಲು ಹಾಸಿದ ಸೀರೆ, ಆಮೇಲೆ ಅಳತೆಪಟ್ಟಿ ಇಟ್ಟ ದಡಿ, ಕೊಂಡಿಯ ಜಾಗ, ಸೀರೆಯ ಹಿಂಬದಿ. ಹಿಂಬದಿಯ ಫೋಟೊ ಹಾಕುವವರು ಕಡಿಮೆ. ನೆಯ್ದದ್ದೋ ಅಚ್ಚು ಹಾಕಿದ್ದೋ ಎಂಬುದನ್ನು ಅದೊಂದು ಫೋಟೊ ಬಹುಮಟ್ಟಿಗೆ ಹೇಳಿಬಿಡುತ್ತದೆ.

ಇನ್ನು ಚಿತ್ರದ ಜೊತೆಗಿನ ಸೂಚನೆ. ‘ಚಿತ್ರ ಸಾಂಕೇತಿಕ’ ಎಂದು ಕೊನೆಯಲ್ಲಿ ಬರೆದರೆ ಎಲ್ಲ ಪಾಪವೂ ಪರಿಹಾರ ಎಂಬ ನಂಬಿಕೆ ವ್ಯಾಪಾರಿಗಳಲ್ಲಿ ಆಳವಾಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇದಕ್ಕೆ ಅವಕಾಶ ಕೊಡುವುದಿಲ್ಲ. ಸೂಚನೆಯು ಜಾಹೀರಾತಿನ ಮಾತನ್ನು ವಿವರಿಸಬಹುದೇ ಹೊರತು ದಾರಿತಪ್ಪಿಸುವ ಮಾತನ್ನು ಸರಿಪಡಿಸುವ ಸಾಧನವಾಗಬಾರದು. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಸೂಚನೆಯೂ ಆ ಭಾಷೆಯಲ್ಲೇ, ಎದ್ದು ಕಾಣುವಂತೆ ಇರಬೇಕು. ಕನ್ನಡದ ಪೋಸ್ಟ್‌ಗೆ ಇಂಗ್ಲಿಷಿನ ಇರುವೆಯಕ್ಷರದ ಸಾಲು ಸಾಲದು. ‘ಸೀರೆಯ ಫೋಟೊ ಅಸಲಿ, ಹಿನ್ನೆಲೆ ಮಾತ್ರ ಎಐನಿಂದ ಮಾಡಿದ್ದು’ ಎಂದು ಬರೆದರೆ ಓದುವವರಿಗೆ ಏನನ್ನು ನಂಬಬಹುದು ಎಂಬುದು ತಿಳಿಯುತ್ತದೆ. ‘ಎಐ ಚಿತ್ರ’ ಎಂದಷ್ಟೇ ಬರೆದರೆ ಸೀರೆಯೂ ಕಲ್ಪನೆಯೋ ಎಂಬ ಅನುಮಾನ ಉಳಿಯುತ್ತದೆ.

ಕೃತಕವಾಗಿ ಸೃಷ್ಟಿಸಿದ ಚಿತ್ರಗಳಿಗೆ ಗುರುತು ಹಾಕಬೇಕೆಂದು ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ 2026ರ ಫೆಬ್ರುವರಿಯಲ್ಲಿ ತಿದ್ದುಪಡಿಯೂ ಆಗಿದೆ. ಬಣ್ಣ, ಬೆಳಕು ಸರಿಪಡಿಸುವಂಥ ದಿನನಿತ್ಯದ ಪ್ರಾಮಾಣಿಕ ತಿದ್ದುಪಡಿಗಳನ್ನು ಅದು ಇದರಿಂದ ಹೊರಗಿಟ್ಟಿದೆ. ಆದರೆ ಗುರುತು ಹಾಕಿದ ಮಾತ್ರಕ್ಕೆ ಸುಳ್ಳು ಚಿತ್ರ ನಿಜವಾಗುವುದಿಲ್ಲ. ಚಿತ್ರ ಹೇಗೆ ಹುಟ್ಟಿತೆಂಬುದನ್ನು ಗುರುತು ಹೇಳುತ್ತದೆ, ಒಡಲು ಹತ್ತಿಯದು ಎಂಬುದನ್ನು ಹೇಳುವುದಿಲ್ಲ. ಫೈಲಿನೊಳಗೆ ಅಡಗಿರುವ ಡಿಜಿಟಲ್ ಗುರುತನ್ನು ನಂಬಿಕೊಂಡಿರುವುದೂ ಪ್ರಯೋಜನವಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದಾಗ ಅಂಥ ಮಾಹಿತಿ ಸಾಮಾನ್ಯವಾಗಿ ಕಳಚಿಹೋಗುತ್ತದೆ. ಹೇಳಬೇಕಾದದ್ದನ್ನು ಚಿತ್ರದ ಮೇಲೆಯೇ ಬರೆಯಬೇಕು. ಮೂಲ ಫೋಟೊವನ್ನು ಅಳಿಸದೆ ಇಟ್ಟುಕೊಳ್ಳಬೇಕು, ಮುಂದೆ ತಕರಾರು ಬಂದರೆ ಏನು ತಿದ್ದಲಾಗಿದೆ ಎಂದು ತೋರಿಸಲು ಅದೊಂದೇ ಆಧಾರ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತನ್ನು ನಿಲ್ಲಿಸಲು ಅಥವಾ ಬದಲಿಸಲು ಪ್ರಾಧಿಕಾರ ವ್ಯಾಪಾರಿಗೆ ಆದೇಶಿಸಬಹುದು. ತಯಾರಕರಿಗೂ ಪ್ರಚಾರ ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಸಣ್ಣ ಮಾರಾಟಗಾರರಿಗೆ ಹೆಚ್ಚು ಹತ್ತಿರದ್ದು 2020ರ ಇ-ವಾಣಿಜ್ಯ ನಿಯಮ. ಜಾಹೀರಾತು ಸರಕಿನ ನಿಜವಾದ ಗುಣಲಕ್ಷಣಗಳಿಗೆ ಹೊಂದಬೇಕು ಎಂದು ಅದು ಹೇಳುತ್ತದೆ. ಜಾಹೀರಾತಿನಲ್ಲಿ ತೋರಿಸಿದ ಲಕ್ಷಣಗಳು ಬಂದ ಸರಕಿನಲ್ಲಿ ಇಲ್ಲದಿದ್ದರೆ ಮಾರಿದವರು ಅದನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ ಎಂದೂ ಹೇಳುತ್ತದೆ. ‘ನೋ ರಿಟರ್ನ್, ನೋ ಎಕ್ಸ್‌ಚೇಂಜ್’ ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ ಈ ನಿಯಮ ಬದಲಾಗದು. ಕೊಳ್ಳುವವರು ಪೋಸ್ಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಪಾರ್ಸೆಲ್ ಬಿಚ್ಚುವಾಗ ಹಗಲು ಬೆಳಕಿನಲ್ಲಿ ವಿಡಿಯೊ ಮಾಡಿಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಅವೆರಡೂ ಸಾಕ್ಷಿಯಾಗಿ ನೆರವಾಗುತ್ತವೆ.